ಮಾತ್ರೆಯಲ್ಲೂ ಎ, ಪುಡಿಯಲ್ಲೂ ಎ, ಎಣ್ಣೆಯಲ್ಲೂ ಎ: ಒಟ್ಟು ಎಷ್ಟಾಯಿತು?

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಊರು ದಾವಣಗೆರೆ. ಎರಡು ವರ್ಷದಿಂದ ದಿನಕ್ಕೊಂದು ಮಲ್ಟಿವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಜಿಮ್‌ಗೆ ಸೇರಿದ ಮೇಲೆ ದಿನಕ್ಕೆ ಎರಡು ಸ್ಕೂಪ್ ಪ್ರೋಟೀನ್ ಪುಡಿ, ಕೂದಲು ಉದುರಲು ಶುರುವಾದ ಮೇಲೆ ಕೂದಲಿನ ಗಮ್ಮಿ ಬೆಳಿಗ್ಗೆ ಎರಡು, ರಾತ್ರಿ ಎರಡು. ಮಲಗುವ ಮುಂಚೆ ಹಾಲಿಗೆ ಮಾಲ್ಟ್ ಪುಡಿ. ಮನೆಗೆ ತರುವ ಎಣ್ಣೆ, ಹಾಲು ಎರಡರಲ್ಲೂ ವಿಟಮಿನ್ ಸೇರಿಸಿದೆ ಎಂದು ಬರೆದಿದೆ. ಇಷ್ಟಾದರೂ ಕೂದಲು ಉದುರುವುದು ನಿಂತಿಲ್ಲ, ತುಟಿ ಸದಾ ಒಡೆದಿರುತ್ತದೆ. ಮುಂದಿನ ವರ್ಷ ಮಗು ಬೇಕು ಎಂದುಕೊಂಡಿದ್ದೇವೆ. ವಿಟಮಿನ್ ಅತಿಯಾಗುವುದೂ ಇದೆಯೇ? 64 ವರ್ಷದ ನಮ್ಮ ಅತ್ತೆಯವರೂ ನನ್ನ ಮಾತ್ರೆಯನ್ನೇ ತೆಗೆದುಕೊಳ್ಳುತ್ತಾರೆ. ಎಲ್ಲ ಲೇಬಲ್‌ಗಳ ಫೋಟೋ ಜೊತೆಗಿದೆ.

ಉತ್ತರ: ಫೋಟೋ ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಆ ಲೇಬಲ್‌ಗಳಲ್ಲೇ ಇದೆ. ಆರರಲ್ಲಿ ಒಂದೂ ಸುಳ್ಳು ಹೇಳುತ್ತಿಲ್ಲ, ಆದರೆ ನಿಮಗೆ ಬೇಕಾದ ಒಟ್ಟು ಮೊತ್ತವನ್ನು ಒಂದೂ ಹೇಳುತ್ತಿಲ್ಲ. ಆರೂ ಲೇಬಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಎಲ್ಲದರಲ್ಲೂ ಮತ್ತೆ ಮತ್ತೆ ಸಿಗುವ ಹೆಸರು ವಿಟಮಿನ್ ಎ. ಮಗುವಿಗಾಗಿ ಯೋಚಿಸುತ್ತಿರುವ ಹೆಣ್ಣುಮಗಳ ವಿಷಯದಲ್ಲಿ ನಾನು ಮೊದಲು ಲೆಕ್ಕ ಹಾಕುವುದೂ ಅದನ್ನೇ. ಹಾಗಾಗಿ ಉಳಿದ ಜೀವಸತ್ವಗಳನ್ನು ಸದ್ಯಕ್ಕೆ ಬದಿಗಿಟ್ಟು ಇದೊಂದನ್ನೇ ಕೊನೆಯವರೆಗೆ ನೋಡೋಣ.

ವಿಟಮಿನ್ ಎ ನಮಗೆ ಎರಡು ರೂಪದಲ್ಲಿ ಸಿಗುತ್ತದೆ. ಕ್ಯಾರೆಟ್, ನುಗ್ಗೆಸೊಪ್ಪು, ಕರಿಬೇವು, ಪಪ್ಪಾಯಿ, ಮಾವಿನಹಣ್ಣಿನಲ್ಲಿ ಇರುವುದು ಕೆರೋಟಿನ್. ಅದು ಇನ್ನೂ ವಿಟಮಿನ್ ಆಗಿಲ್ಲದ ಕಚ್ಚಾವಸ್ತು. ಅದನ್ನು ವಿಟಮಿನ್ ಆಗಿ ಮಾರ್ಪಡಿಸುವ ಕೆಲಸ ಹೆಚ್ಚಾಗಿ ಕರುಳಿನಲ್ಲಿ ನಡೆಯುತ್ತದೆ, ಮತ್ತು ದೇಹದಲ್ಲಿ ಸಾಕಷ್ಟು ಇದ್ದಾಗ ಕರುಳು ಆ ಕೆಲಸವನ್ನು ತಾನೇ ನಿಧಾನ ಮಾಡುತ್ತದೆ. ದಿನವೂ ಕ್ಯಾರೆಟ್ ರಸ ಕುಡಿಯುವವರ ಅಂಗೈ ಹಳದಿಯಾಗಬಹುದು, ಅದರಿಂದ ವಿಟಮಿನ್ ಎ ವಿಷವಾಗುವುದಿಲ್ಲ. ಎರಡನೆಯ ರೂಪ ರೆಟಿನಾಲ್. ಇದು ತಯಾರಾದ ವಿಟಮಿನ್. ಮೊಟ್ಟೆ, ತುಪ್ಪ, ಹಾಲಿನ ಕೊಬ್ಬು ಮತ್ತು ಪ್ರಾಣಿಗಳ ಲಿವರ್‌ನಲ್ಲಿ ಸಹಜವಾಗಿ ಇರುತ್ತದೆ. ಕಾರ್ಖಾನೆಯಲ್ಲಿ ಎಣ್ಣೆಗೆ, ಹಾಲಿಗೆ, ಮಾತ್ರೆಗೆ, ಪುಡಿಗೆ ಸೇರಿಸುವುದೂ ಬಹುಪಾಲು ಇದನ್ನೇ. ಲೇಬಲ್‌ನಲ್ಲಿ ಇದರ ಹೆಸರು ರೆಟಿನೈಲ್ ಪಾಲ್ಮಿಟೇಟ್, ರೆಟಿನೈಲ್ ಅಸಿಟೇಟ್ ಅಥವಾ ವಿಟಮಿನ್ ಎ ಅಸಿಟೇಟ್ ಎಂದಿರುತ್ತದೆ. ಇದನ್ನು ಹೀರಿಕೊಳ್ಳುವುದಕ್ಕೆ ಕರುಳಿನ ಬಳಿ ಅಂಥ ಕಡಿವಾಣ ಇಲ್ಲ. ಬಂದದ್ದರಲ್ಲಿ ಹೆಚ್ಚಿನ ಪಾಲು ಒಳಗೆ ಹೋಗುತ್ತದೆ.

ಒಳಗೆ ಹೋದದ್ದು ನೀರಿನಲ್ಲಿ ಕರಗುವ ಜೀವಸತ್ವಗಳಂತೆ ಮೂತ್ರದಲ್ಲಿ ಸುಲಭವಾಗಿ ಹೊರಬೀಳುವುದಿಲ್ಲ. ಯಕೃತ್ತು ಅದಕ್ಕೆ ಕಣಜ. ಅಲ್ಲಿನ ವಿಶೇಷ ಜೀವಕೋಶಗಳು ರೆಟಿನಾಲನ್ನು ಕೊಬ್ಬಿನ ಹನಿಗಳಲ್ಲಿ ತುಂಬಿಟ್ಟುಕೊಂಡು, ರಕ್ತಕ್ಕೆ ಬೇಕಾದಷ್ಟನ್ನೇ ಅಳೆದು ಬಿಡುತ್ತವೆ. ಬರಗಾಲದ ತಿಂಗಳುಗಳಲ್ಲಿ ಮನುಷ್ಯರನ್ನು ಕಾಪಾಡಿದ ವ್ಯವಸ್ಥೆ ಇದು. ಸೊಪ್ಪು, ಹಾಲು ಸಿಗದಿದ್ದರೂ ಹಿಂದಿನ ದಾಸ್ತಾನಿನಲ್ಲಿ ಕಣ್ಣು ಕೆಲಸ ಮಾಡುತ್ತಿತ್ತು. ಆದರೆ ಪ್ರತಿದಿನ ಖರ್ಚಿಗಿಂತ ಹೆಚ್ಚು ಬರುತ್ತಿದ್ದರೆ ಇದೇ ವ್ಯವಸ್ಥೆ ನಮಗೆ ತೊಂದರೆ ಕೊಡುತ್ತದೆ. ದಾಸ್ತಾನು ಬೆಳೆಯುತ್ತಲೇ ಹೋಗುತ್ತದೆ, ಆ ಹಂತದಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ.

ಎಷ್ಟು ಬೇಕು, ಎಷ್ಟನ್ನು ಮೀರಬಾರದು ಎಂಬುದಕ್ಕೆ ಎರಡು ಅಂಕಿಗಳನ್ನು ಮನಸ್ಸಿನಲ್ಲಿಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲಕ ಐಸಿಎಂಆರ್ 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ವಯಸ್ಕ ಮಹಿಳೆಗೆ ದಿನಕ್ಕೆ ಶಿಫಾರಸು ಮಾಡಿದ ವಿಟಮಿನ್ ಎ 840 ಮೈಕ್ರೋಗ್ರಾಂ. ಮೀರಬಾರದ ಗರಿಷ್ಠ ಮಿತಿ 3000 ಮೈಕ್ರೋಗ್ರಾಂ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ ಕೊಟ್ಟ ಮಿತಿಯೂ ಇದೇ 3000. ಈ ಮಿತಿ ರೆಟಿನಾಲ್‌ಗೆ ಮಾತ್ರ, ತರಕಾರಿಯ ಕೆರೋಟಿನ್ ಲೆಕ್ಕಕ್ಕೆ ಬರುವುದಿಲ್ಲ. ಅಗತ್ಯಕ್ಕೂ ಗರಿಷ್ಠ ಮಿತಿಗೂ ನಡುವೆ ನಾಲ್ಕು ಪಟ್ಟು ಅಂತರವೂ ಇಲ್ಲ ಎಂಬುದನ್ನು ಗಮನಿಸಿ. ಜೀವಸತ್ವಗಳ ಲೋಕದಲ್ಲಿ ಇದು ಇಕ್ಕಟ್ಟಾದ ದಾರಿ.

ಈಗ ನಿಮ್ಮ ಲೇಬಲ್‌ಗಳಿಗೆ ಬರೋಣ.

ಮಾತ್ರೆಯ ಮೇಲೆ ವಿಟಮಿನ್ ಎ 5000 ಐಯು ಎಂದಿದೆ. ಐಯು ಎಂಬುದು ಹಳೆಯ ಅಳತೆ. ರೆಟಿನಾಲ್‌ಗೆ ಒಂದು ಐಯು ಅಂದರೆ 0.3 ಮೈಕ್ರೋಗ್ರಾಂ. ಅಂದರೆ ಮಾತ್ರೆಯೊಂದರಿಂದಲೇ 1500 ಮೈಕ್ರೋಗ್ರಾಂ, ಗರಿಷ್ಠ ಮಿತಿಯ ಅರ್ಧ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ 10,000 ಐಯು ಇರುವ ಮಲ್ಟಿವಿಟಮಿನ್ ಮಾತ್ರೆಗಳೂ ಸಿಗುತ್ತವೆ. ಅಂಥ ಒಂದು ಮಾತ್ರೆ ನುಂಗಿದರೆ ಊಟಕ್ಕೆ ಕೂರುವ ಮೊದಲೇ 3000 ಮುಟ್ಟಿರುತ್ತದೆ.

ಪ್ರೋಟೀನ್ ಪುಡಿಯ ಡಬ್ಬಿಯಲ್ಲಿ 100 ಗ್ರಾಂಗೆ 800 ಮೈಕ್ರೋಗ್ರಾಂ ಎಂದು ಬರೆದಿದೆ. ನಿಮ್ಮ ಸ್ಕೂಪ್ 30 ಗ್ರಾಂನದ್ದು, ನೀವು ಹಾಕುವುದು ಎರಡು. 60 ಗ್ರಾಂಗೆ 480 ಮೈಕ್ರೋಗ್ರಾಂ ಆಯಿತು. ಪ್ರೋಟೀನ್ ಪುಡಿ ಎಂದರೆ ಬರೀ ಪ್ರೋಟೀನ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಜಿಮ್‌ನವರು ಬಳಸುವ ಸಾದಾ ವೇ ಪುಡಿಗಳಲ್ಲಿ ಎಷ್ಟೋ ಬಾರಿ ಅದು ನಿಜ. ಆದರೆ ಮಹಿಳೆಯರಿಗಾಗಿ, ಹಿರಿಯರಿಗಾಗಿ, ತೂಕ ಇಳಿಸುವವರಿಗಾಗಿ ಎಂದು ಮಾರುವ ಪುಡಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀವಸತ್ವ, ಖನಿಜಗಳನ್ನು ಸೇರಿಸಿರುವುದು ಸಾಮಾನ್ಯ. ನಿಮ್ಮದೂ ಅಂಥದ್ದೇ. ಅಂದರೆ ನೀವು ಲೋಟದಲ್ಲಿ ಕಲಸಿ ಕುಡಿಯುತ್ತಿರುವುದು ಇನ್ನೊಂದು ಮಲ್ಟಿವಿಟಮಿನ್ ಕೂಡ ಹೌದು.

ಗಮ್ಮಿಯ ಲೇಬಲ್ ಸ್ವಲ್ಪ ಜಾಗ್ರತೆಯಿಂದ ಓದಬೇಕಾದದ್ದು. ಅಲ್ಲಿ ಒಂದು ಸರ್ವಿಂಗ್‌ಗೆ 300 ಮೈಕ್ರೋಗ್ರಾಂ ಎಂದಿದೆ, ಒಂದು ಸರ್ವಿಂಗ್ ಅಂದರೆ ಎರಡು ಗಮ್ಮಿ, ದಿನಕ್ಕೆ ಒಂದು ಸರ್ವಿಂಗ್ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ನೀವು ನಾಲ್ಕು ತಿನ್ನುತ್ತಿದ್ದೀರಿ. ಹಾಗಾಗಿ 600. ಮಿಠಾಯಿಯ ರುಚಿ ಇರುವ ವಸ್ತುವನ್ನು ಅಳತೆಗೆ ಮೀರಿ ತಿನ್ನುವುದು ಯಾರಿಂದಲಾದರೂ ಆಗುವಂಥದ್ದು. ಮನೆಯಲ್ಲಿ ಮಕ್ಕಳಿದ್ದರೆ ಆ ಡಬ್ಬಿಯನ್ನು ಔಷಧಿಯ ಜೊತೆಗೆ, ಅವರ ಕೈಗೆ ಸಿಗದಂತೆ ಇಡಬೇಕು.

ರಾತ್ರಿಯ ಮಾಲ್ಟ್ ಪುಡಿ 100 ಗ್ರಾಂಗೆ 700 ಮೈಕ್ರೋಗ್ರಾಂ, ನೀವು ಹಾಕುವ ಎರಡು ದೊಡ್ಡ ಚಮಚ ಸುಮಾರು 27 ಗ್ರಾಂ. ಅದರಿಂದ 190.

ಇನ್ನು ಹಾಲು ಮತ್ತು ಎಣ್ಣೆ. ಪ್ಯಾಕೆಟ್ ಮೇಲೆ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದ್ದರೆ ಅದು ಸಾರವರ್ಧಿತ ಆಹಾರ. ಎಫ್‌ಎಸ್‌ಎಸ್‌ಎಐ ಎಂಬ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಅಂಥ ಒಂದು ಲೀಟರ್ ಹಾಲಿನಲ್ಲಿ ವಿಟಮಿನ್ ಎ 270ರಿಂದ 450 ಮೈಕ್ರೋಗ್ರಾಂ, ಒಂದು ಗ್ರಾಂ ಎಣ್ಣೆಯಲ್ಲಿ 6ರಿಂದ 9.9 ಮೈಕ್ರೋಗ್ರಾಂ ಇರಬೇಕು. ದಿನಕ್ಕೆ ಅರ್ಧ ಲೀಟರ್ ಹಾಲು ಎಂದರೆ ಅಂದಾಜು 180. ಒಗ್ಗರಣೆ, ಪಲ್ಯ, ದೋಸೆ ಎಲ್ಲ ಸೇರಿ ತಲೆಗೆ 25 ಗ್ರಾಂ ಎಣ್ಣೆ ಎಂದುಕೊಂಡರೆ ಅಂದಾಜು 200. ಕಾಯಿಸುವಾಗ, ಕರಿಯುವಾಗ ಒಂದಷ್ಟು ನಾಶವಾಗುತ್ತದೆ, ಆದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು.

ಕೂಡಿಸಿ ನೋಡಿ. ಮಾತ್ರೆ 1500, ಪ್ರೋಟೀನ್ ಪುಡಿ 480, ಗಮ್ಮಿ 600, ಮಾಲ್ಟ್ 190, ಹಾಲು 180, ಎಣ್ಣೆ 200. ಒಟ್ಟು 3150. ಇದರ ಮೇಲೆ ದಿನಕ್ಕೆ ಎರಡು ಮೊಟ್ಟೆ ತಿನ್ನುತ್ತಿದ್ದರೆ ಇನ್ನೊಂದು 150 ಸೇರುತ್ತದೆ. ಅಗತ್ಯ 840, ದೇಹಕ್ಕೆ ಹೋಗುತ್ತಿರುವುದು ಸುಮಾರು 3300. ಯಾವ ಒಂದು ಡಬ್ಬಿಯೂ ಮಿತಿ ಮೀರಿಲ್ಲ, ಆರೂ ಸೇರಿ ಮೀರಿವೆ.

ಈ ಲೆಕ್ಕಕ್ಕೆ ಲೇಬಲ್‌ನಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ವಿಟಮಿನ್ ಎ ಬೆಳಕು, ಶಾಖ, ಗಾಳಿಗೆ ಬೇಗ ಹಾಳಾಗುತ್ತದೆ. ಅವಧಿ ಮುಗಿಯುವ ದಿನಾಂಕದಂದೂ ಲೇಬಲ್‌ನಲ್ಲಿ ಬರೆದಷ್ಟು ಉಳಿದಿರಬೇಕಲ್ಲವೇ? ಅದಕ್ಕಾಗಿ ತಯಾರಕರು ಆರಂಭದಲ್ಲಿ ಬರೆದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಹಾಕಿರುತ್ತಾರೆ. ಇದು ಔಷಧ ಉದ್ಯಮದಲ್ಲಿ ಒಪ್ಪಿತವಾದ ಕ್ರಮ, ಮೋಸವಲ್ಲ. ಆದರೆ ಹೊಸದಾಗಿ ಬಂದ ಡಬ್ಬಿಯ ಮಾತ್ರೆಯಲ್ಲಿ 5000 ಐಯುಗಿಂತ ಹೆಚ್ಚು ಇರುವ ಸಾಧ್ಯತೆ ಇದೆ. ಹಾಗಾಗಿ 3000ಕ್ಕೆ ತೀರಾ ಹತ್ತಿರ ನಿಲ್ಲುವ ಲೆಕ್ಕವನ್ನು ನಾನು ಸುರಕ್ಷಿತ ಎನ್ನುವುದಿಲ್ಲ.

ಇಷ್ಟೆಲ್ಲ ನಿಯಮಗಳಿದ್ದೂ ಹೀಗೆ ಹೇಗಾಗುತ್ತದೆ ಎಂದು ನಿಮಗೆ ಅನ್ನಿಸಬಹುದು. ನಿಯಮಗಳು ನೋಡುವುದು ಒಂದೊಂದು ವಸ್ತುವನ್ನು. ಮಾತ್ರೆ ಔಷಧದ ಪರವಾನಗಿಯಲ್ಲಿ ತಯಾರಾಗಿರಬಹುದು, ಪುಡಿ ಮತ್ತು ಗಮ್ಮಿ ಆಹಾರ ಪೂರಕಗಳ ನಿಯಮದಡಿ ಬರುತ್ತವೆ, ಹಾಲು ಎಣ್ಣೆಗೆ ಸಾರವರ್ಧನೆಯ ನಿಯಮ. ಎಣ್ಣೆಗೆ ಪ್ರಮಾಣ ನಿಗದಿ ಮಾಡುವಾಗ ಮನಸ್ಸಿನಲ್ಲಿರುವುದು ಹಾಲು ಮೊಟ್ಟೆ ಸರಿಯಾಗಿ ಸಿಗದ ಮನೆ. ಪ್ರೋಟೀನ್ ಪುಡಿಯ ಲೇಬಲ್ ಬರೆಯುವವರ ಮನಸ್ಸಿನಲ್ಲಿರುವುದು ಬೇರೆ ಮಾತ್ರೆ ನುಂಗದ ಗ್ರಾಹಕಿ. ಎಲ್ಲವನ್ನೂ ಒಟ್ಟಿಗೆ ಬಳಸುವ ಒಬ್ಬಳು ಹೆಣ್ಣುಮಗಳು ಯಾವ ಮೇಜಿನ ಮೇಲೂ ಇರುವುದಿಲ್ಲ. ಅವಳ ಲೆಕ್ಕ ಅವಳ ಅಡುಗೆಮನೆಯಲ್ಲೇ ಆಗಬೇಕಾಗುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಕನಿಷ್ಠ ಪ್ರತಿ ಡಬ್ಬಿಯ ಮೇಲೂ ರೆಟಿನಾಲ್ ಎಷ್ಟು, ಅದು ದಿನದ ಗರಿಷ್ಠ ಮಿತಿಯ ಎಷ್ಟು ಪಾಲು ಎಂದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಬೇಕು. ಈಗ ಬರೆಯುವುದು ಅಗತ್ಯದ ಶೇಕಡಾವಾರು ಮಾತ್ರ, ಮತ್ತು ಅಲ್ಲಿ ದೊಡ್ಡ ಅಂಕಿ ಕಂಡಷ್ಟೂ ಜನ ಒಳ್ಳೆಯದೆಂದು ಭಾವಿಸುತ್ತಾರೆ.

3300 ಎಂದ ಕೂಡಲೇ ಗಾಬರಿಯಾಗಬೇಡಿ. ಆ 3000 ಎಲ್ಲಿಂದ ಬಂತು ಎಂದು ತಿಳಿದರೆ ಅಪಾಯದ ಅಳತೆ ನಿಮಗೇ ಸಿಗುತ್ತದೆ. ಹೆರುವ ವಯಸ್ಸಿನ ಹೆಂಗಸರಿಗೆ ಈ ಮಿತಿ ನಿಗದಿಯಾದದ್ದು ಹೊಟ್ಟೆಯಲ್ಲಿರುವ ಮಗುವನ್ನು ನೋಡಿ. ಮಗುವಿನ ಅಂಗರಚನೆಗೆ ತೊಂದರೆ ಕಾಣದ ಪ್ರಮಾಣ ದಿನಕ್ಕೆ 4500 ಮೈಕ್ರೋಗ್ರಾಂ ಎಂದು ಆಗ ಲಭ್ಯವಿದ್ದ ಅಧ್ಯಯನಗಳಿಂದ ತಜ್ಞರು ಅಂದಾಜು ಮಾಡಿದರು. ಅದನ್ನು ಎಚ್ಚರಿಕೆಗಾಗಿ ಒಂದೂವರೆಯಿಂದ ಭಾಗಿಸಿ 3000 ಮಾಡಿದರು. ಅಂದರೆ 3001ಕ್ಕೆ ಅನಾಹುತವಾಗುವುದಿಲ್ಲ. ಆದರೆ ಆ ಎಚ್ಚರಿಕೆಯ ಅಂತರ ಇರುವುದು ಮನುಷ್ಯರಿಂದ ಮನುಷ್ಯರಿಗೆ ಇರುವ ವ್ಯತ್ಯಾಸಕ್ಕಾಗಿ, ಅಧ್ಯಯನಗಳು ತಪ್ಪಿರಬಹುದಾದ ಸಾಧ್ಯತೆಗಾಗಿ. ಅದನ್ನು ಗಮ್ಮಿ ತಿಂದು ಖರ್ಚು ಮಾಡುವುದಕ್ಕಲ್ಲ.

ಮಗುವಿಗೆ ಏಕೆ ತೊಂದರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೇಹದಲ್ಲಿ ರೆಟಿನಾಲಿನಿಂದ ರೆಟಿನೋಯಿಕ್ ಆಮ್ಲ ತಯಾರಾಗುತ್ತದೆ. ಭ್ರೂಣದಲ್ಲಿ ಯಾವ ಜೀವಕೋಶ ಎಲ್ಲಿಗೆ ಹೋಗಬೇಕು, ಏನಾಗಬೇಕು ಎಂದು ವಂಶವಾಹಿಗಳಿಗೆ ಸೂಚನೆ ಕೊಡುವ ಪದಾರ್ಥಗಳಲ್ಲಿ ಇದೂ ಒಂದು. ಅದು ಸರಿಯಾದ ಜಾಗದಲ್ಲಿ, ಸರಿಯಾದ ಪ್ರಮಾಣದಲ್ಲಿ ಇರಬೇಕು. ಕೊರತೆಯಾದರೂ ಅತಿಯಾದರೂ ಸೂಚನೆ ತಪ್ಪುತ್ತದೆ. ಅತಿಯಾದಾಗ ಮುಖ, ತಲೆಬುರುಡೆ, ಹೃದಯ ಮತ್ತು ಮಿದುಳಿನ ರಚನೆಗೆ ಪೆಟ್ಟು ಬೀಳಬಹುದು. 1995ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮಾಹಿತಿ ಪರಿಶೀಲಿಸಿ, ಮಾತ್ರೆಗಳಿಂದಲೇ ದಿನಕ್ಕೆ 10,000 ಐಯು ಮೀರಿ ತೆಗೆದುಕೊಂಡವರಲ್ಲಿ ಇಂಥ ದೋಷಗಳು ಹೆಚ್ಚೆಂದು ವರದಿ ಮಾಡಿದರು. ಅಪಾಯ ಅಷ್ಟು ಕಡಿಮೆ ಪ್ರಮಾಣದಲ್ಲೇ ಶುರುವಾಗುತ್ತದೆಯೇ ಎಂಬ ಬಗ್ಗೆ ಆಮೇಲೆ ಸಾಕಷ್ಟು ವಾದಗಳಾಗಿವೆ. ಹೆಚ್ಚು ಪ್ರಮಾಣದಲ್ಲಿ ಅಪಾಯ ಇದೆ ಎಂಬುದರಲ್ಲಿ ವಾದವಿಲ್ಲ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಇದೇ ಕುಟುಂಬದ ಔಷಧ. ಅದನ್ನು ಗರ್ಭಿಣಿಯರಿಗೆ ಕೊಡಲೇಬಾರದು ಎಂಬ ಕಟ್ಟುನಿಟ್ಟು ಬಂದದ್ದೂ ಇದೇ ಕಾರಣಕ್ಕೆ. ನೀವು ಎಂದಾದರೂ ಚರ್ಮರೋಗ ತಜ್ಞರಿಂದ ಆ ಮಾತ್ರೆ ಪಡೆಯುತ್ತಿದ್ದರೆ ಮಗುವಿನ ಯೋಜನೆಯನ್ನು ಅವರಿಗೆ ಹೇಳಲೇಬೇಕು, ಜೊತೆಗೆ ವಿಟಮಿನ್ ಎ ಇರುವ ಬೇರಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು.

ಇಲ್ಲಿ ಸಮಯದ ಮಾತು ಬಹಳ ಮುಖ್ಯ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ವೈದ್ಯರ ಬಳಿ ಹೋಗುವ ಹೊತ್ತಿಗೆ ಆ ಕೆಲಸ ಬಹುತೇಕ ಮುಗಿದಿರುತ್ತದೆ. ಗರ್ಭಿಣಿಯಾದ ಮೇಲೆ ಮಾತ್ರೆ ನಿಲ್ಲಿಸುತ್ತೇನೆ ಎಂದರೆ ತಡವಾಯಿತು. ಮುಂದಿನ ವರ್ಷ ಎಂದು ಬರೆದಿದ್ದೀರಿ, ಅದು ಬಹಳ ಒಳ್ಳೆಯ ಅಂತರ. ಯಕೃತ್ತಿನ ದಾಸ್ತಾನು ಇಳಿಯಲು ತಿಂಗಳುಗಳೇ ಬೇಕು, ನಿಮ್ಮ ಬಳಿ ಆ ತಿಂಗಳುಗಳಿವೆ.

ಒಡೆದ ತುಟಿ, ಉದುರುವ ಕೂದಲು ಇದರಿಂದಲೇ ಬಂದದ್ದೇ? ಒಣಗಿದ ತುಟಿ, ಚರ್ಮ ಸುಲಿಯುವುದು, ಕೂದಲು ಉದುರುವುದು, ತಲೆನೋವು, ಮೂಳೆ ನೋವು, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು, ಇವೆಲ್ಲ ವಿಟಮಿನ್ ಎ ಅತಿಯಾದಾಗಿನ ಲಕ್ಷಣಗಳೇ. ಆದರೆ ಅವು ಸಾಮಾನ್ಯವಾಗಿ ಕಾಣಿಸುವುದು ನಿಮಗಿಂತ ಹಲವು ಪಟ್ಟು ಹೆಚ್ಚು ಪ್ರಮಾಣವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ. ನಿಮ್ಮ 3300ಕ್ಕೆ ಈ ಲಕ್ಷಣಗಳನ್ನು ನೇರವಾಗಿ ಕಟ್ಟುವುದು ಅವಸರವಾಗುತ್ತದೆ. ರಕ್ತಹೀನತೆ, ಥೈರಾಯ್ಡ್, ವೇಗವಾಗಿ ತೂಕ ಇಳಿಸಿದ್ದು, ಇವು ಕೂದಲಿಗೆ ಹೆಚ್ಚು ಸಾಮಾನ್ಯ ಕಾರಣಗಳು. ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಆ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಗಮ್ಮಿ ನಿಲ್ಲಿಸಿರಬೇಕು. ಕೂದಲಿನ ಗಮ್ಮಿಗಳಲ್ಲಿ ಬಯೋಟಿನ್ ಎಂಬ ಬಿ ಜೀವಸತ್ವ ಹೆಚ್ಚು ಪ್ರಮಾಣದಲ್ಲಿ ಇರುತ್ತದೆ, ಅದು ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಅಂಕಿಗಳನ್ನು ಸುಳ್ಳಾಗಿ ತೋರಿಸುತ್ತದೆ. ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ: ಕೂದಲು ಉದುರಿತೆಂದು ಒಂದು ಡಬ್ಬಿ ತಂದಿರಿ, ಆ ಡಬ್ಬಿಯಲ್ಲಿ ಅತಿಯಾದರೆ ಕೂದಲನ್ನೇ ಉದುರಿಸುವ ಜೀವಸತ್ವ ಇತ್ತು, ಉದುರುವುದು ನಿಲ್ಲದಾಗ ಪ್ರಮಾಣವನ್ನು ಇಮ್ಮಡಿ ಮಾಡಿದಿರಿ. ಈ ಸುಳಿಯಲ್ಲಿ ಸಿಕ್ಕವರು ಪ್ರಮಾಣ ಏರಿಸುತ್ತಲೇ ಹೋಗುತ್ತಾರೆ.

ವಿಟಮಿನ್ ಎ ರಕ್ತ ಪರೀಕ್ಷೆ ಮಾಡಿಸಲೇ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ಬೇಡ. ಯಕೃತ್ತು ರಕ್ತಕ್ಕೆ ಬಿಡುವ ರೆಟಿನಾಲನ್ನು ಹದವಾಗಿ ಇಟ್ಟುಕೊಂಡೇ ಇರುತ್ತದೆ, ದಾಸ್ತಾನು ಎಷ್ಟು ಬೆಳೆದಿದ್ದರೂ ರಕ್ತದ ಅಂಕಿ ಬಹಳ ಕಾಲ ಸಹಜವಾಗಿಯೇ ಕಾಣುತ್ತದೆ. ಆ ಸಹಜ ಅಂಕಿಯನ್ನು ನಂಬಿ ಮಾತ್ರೆ ಮುಂದುವರಿಸಿದರೆ ಪರೀಕ್ಷೆಯೇ ಹಾನಿ ಮಾಡಿದಂತಾಗುತ್ತದೆ. ನಿಮ್ಮ ಮಟ್ಟದಲ್ಲಿ ಲೇಬಲ್‌ಗಳನ್ನು ಕೂಡಿಸುವುದೇ ಹೆಚ್ಚು ನಂಬಲರ್ಹವಾದ ಪರೀಕ್ಷೆ.

ಹಾಗಾದರೆ ಯಾವುದನ್ನು ಬಿಡಬೇಕು? ಮೊದಲು ಗಮ್ಮಿ. ಬಯೋಟಿನ್ ಕೊರತೆ ಅಪರೂಪ, ಕೊರತೆ ಇಲ್ಲದವರ ಕೂದಲಿಗೆ ಅದರಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಎರಡನೆಯದು ಮಲ್ಟಿವಿಟಮಿನ್ ಮಾತ್ರೆ. ಇವೆರಡನ್ನು ಇವತ್ತೇ ನಿಲ್ಲಿಸಬಹುದು, ನಿಧಾನವಾಗಿ ಇಳಿಸುವ ಅಗತ್ಯವಿಲ್ಲ. ಅಲ್ಲಿಗೆ ನಿಮ್ಮ ಲೆಕ್ಕದಿಂದ 2100 ಹೋಯಿತು, ಉಳಿದದ್ದು ಸುಮಾರು 1200. ಇದು ಅಗತ್ಯಕ್ಕಿಂತ ಹೆಚ್ಚು, ಮಿತಿಗಿಂತ ಬಹಳ ಕೆಳಗೆ, ಗರ್ಭಿಣಿಯಾದರೂ ತೊಂದರೆ ಇಲ್ಲ. ಪ್ರೋಟೀನ್ ಪುಡಿ ಬೇಕೇ ಬೇಕೆಂದಿದ್ದರೆ ಈಗಿನ ಡಬ್ಬಿ ಮುಗಿದ ಮೇಲೆ ಜೀವಸತ್ವ ಸೇರಿಸದ ಸಾದಾ ಪುಡಿಗೆ ಬದಲಾಗಿ. ಪದಾರ್ಥಗಳ ಪಟ್ಟಿ ಮೂರು ನಾಲ್ಕು ಹೆಸರಿನಲ್ಲಿ ಮುಗಿಯುವಂಥದ್ದನ್ನು ಹುಡುಕಿ. ಮಾಲ್ಟ್ ಪುಡಿಯ ಬಗ್ಗೆ ನನಗೆ ಬೇರೆ ತಕರಾರಿದೆ, ಅದರಲ್ಲಿ ಸಕ್ಕರೆ ಜಾಸ್ತಿ. ವಿಟಮಿನ್ ಎ ಕಾರಣಕ್ಕೆ ಅದನ್ನು ಬಿಡಬೇಕಾಗಿಲ್ಲ.

ಹಾಲು, ಎಣ್ಣೆಯನ್ನು ಬದಲಾಯಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಲೆಕ್ಕ ಓದಿದವರು ಸಾರವರ್ಧಿತ ಆಹಾರವೇ ವಿಷ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನಿಮ್ಮ 3300ರಲ್ಲಿ ಹಾಲು ಎಣ್ಣೆಯ ಪಾಲು ಸೇರಿ 380. ನಿಮ್ಮನ್ನು ಮಿತಿ ದಾಟಿಸಿದ್ದು ಮಾತ್ರೆ ಮತ್ತು ಗಮ್ಮಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಕ್ಕಳಿಗೆ, ಹಾಸ್ಟೆಲಿನ ಹುಡುಗಿಯರಿಗೆ ಆ ಎಣ್ಣೆಯ ಇನ್ನೂರು ಮೈಕ್ರೋಗ್ರಾಂ ನಿಜವಾದ ಆಸರೆ.

ಒಂದು ಮಾತ್ರೆಯನ್ನು ಮಾತ್ರ ಬಿಡಬಾರದು. ಮಗುವಿಗಾಗಿ ಪ್ರಯತ್ನಿಸುವ ಮುಂಚಿನಿಂದಲೇ ಫೋಲಿಕ್ ಆಮ್ಲ ಬೇಕು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 400 ಮೈಕ್ರೋಗ್ರಾಂ. ಮಲ್ಟಿವಿಟಮಿನ್‌ನಲ್ಲಿ ಅದು ಇತ್ತು, ಅದನ್ನು ಬಿಟ್ಟಾಗ ಇದೂ ನಿಲ್ಲುತ್ತದೆ. ಆದ್ದರಿಂದ ಸ್ತ್ರೀರೋಗ ತಜ್ಞರನ್ನು ಕಂಡು ಫೋಲಿಕ್ ಆಮ್ಲವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ನಿಮಗೆ ಎಷ್ಟು ಬೇಕು ಎಂಬುದನ್ನು ಅವರೇ ಹೇಳಲಿ. ಗರ್ಭಿಣಿಯಾದ ಮೇಲೆ ಮಲ್ಟಿವಿಟಮಿನ್ ಬರೆದುಕೊಟ್ಟರೆ ಅದರಲ್ಲಿನ ವಿಟಮಿನ್ ಎ ರೆಟಿನಾಲ್ ರೂಪದ್ದೋ ಬೀಟಾ ಕೆರೋಟಿನ್ ರೂಪದ್ದೋ ಎಂದು ಕೇಳಿ. ಬೀಟಾ ಕೆರೋಟಿನ್ ಆದರೆ ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ನೀವು ಮಾಂಸಾಹಾರಿಗಳಾಗಿದ್ದು ಕುರಿ ಅಥವಾ ಮೇಕೆಯ ಲಿವರ್ ತಿನ್ನುವ ರೂಢಿಯಿದ್ದರೆ ಮಗುವಿನ ಯೋಜನೆಯ ಸಮಯದಲ್ಲಿ ಮತ್ತು ಬಸಿರಿನಲ್ಲಿ ಬಿಟ್ಟುಬಿಡಿ. 100 ಗ್ರಾಂ ಲಿವರ್‌ನಲ್ಲಿ ಐದಾರು ಸಾವಿರ ಮೈಕ್ರೋಗ್ರಾಂ ಮೀರಿ ರೆಟಿನಾಲ್ ಇರುತ್ತದೆ. ಬಸುರಿಗೆ ರಕ್ತವಾಗಲಿ ಎಂದು ಪ್ರೀತಿಯಿಂದ ಲಿವರ್ ಹುರಿದು ಕೊಡುವ ಮನೆಗಳಿವೆ. ಅಲ್ಲಿ ಹಿರಿಯರಿಗೆ ಇದನ್ನು ನಯವಾಗಿ ತಿಳಿಸಿ, ಆಸ್ಪತ್ರೆಯ ಕಬ್ಬಿಣದ ಮಾತ್ರೆ ಆ ಕೆಲಸ ಮಾಡುತ್ತದೆ.

ನಾನು ಹಾಕಿದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದೇ ಹಾಳೆಯಲ್ಲಿ ಸತು, ಅಂದರೆ ಜಿಂಕ್, ಕೂಡ ಕೂಡಿಸಿ ನೋಡಿ. ಅದರ ಗರಿಷ್ಠ ಮಿತಿ ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ. ಮಾತ್ರೆ, ಪುಡಿ, ಗಮ್ಮಿ ಮೂರರಲ್ಲೂ ಅದು ಇದೆ. ಇಲ್ಲಿ ಲೆಕ್ಕ ತಪ್ಪುವುದು ಉಲ್ಟಾ ದಿಕ್ಕಿನಲ್ಲಿ, ಇರುವುದಕ್ಕಿಂತ ಹೆಚ್ಚೆಂದು: ಲೇಬಲ್ ಜಿಂಕ್ ಸಲ್ಫೇಟ್ ಎಂದು ಲವಣದ ತೂಕ ಕೊಟ್ಟಿದ್ದರೆ ಅಷ್ಟೂ ಸತು ಅಲ್ಲ. ಮಾನೊಹೈಡ್ರೇಟ್ ರೂಪದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸತು ಇರುತ್ತದೆ. ಧಾತುವಿನ ತೂಕ ಎಂದು ಬರೆದ ಅಂಕಿಯನ್ನೇ ತೆಗೆದುಕೊಳ್ಳಿ. ಸತು ಬಹಳ ಕಾಲ ಅತಿಯಾದರೆ ತಾಮ್ರದ ಕೊರತೆಯಾಗಿ, ಅದರಿಂದ ರಕ್ತಹೀನತೆ, ನರಗಳ ತೊಂದರೆ ಬರಬಹುದು.

ಇನ್ನು ನಿಮ್ಮ ಅತ್ತೆಯವರು. ನಿಮ್ಮ ಮಿತಿ ಅವರಿಗೆ ಹೊಂದುವುದಿಲ್ಲ. ಸ್ವೀಡನ್ನಿನಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ 1500 ಮೈಕ್ರೋಗ್ರಾಂಗಿಂತ ಹೆಚ್ಚು ರೆಟಿನಾಲ್ ಸೇವಿಸುತ್ತಿದ್ದ ಮಹಿಳೆಯರಲ್ಲಿ, 500ಕ್ಕಿಂತ ಕಡಿಮೆ ಸೇವಿಸುತ್ತಿದ್ದವರಿಗೆ ಹೋಲಿಸಿದರೆ, ಸೊಂಟದ ಮೂಳೆ ಮುರಿಯುವ ಅಪಾಯ ಇಮ್ಮಡಿ ಕಂಡಿತ್ತು. ಎಲ್ಲ ಅಧ್ಯಯನಗಳೂ ಅಷ್ಟು ಸ್ಪಷ್ಟವಾಗಿ ಹೇಳಿಲ್ಲ. ಆದರೂ ಮುಟ್ಟು ನಿಂತ ಮಹಿಳೆಯರು 1500 ಮೀರದಿರುವುದು ಒಳಿತು ಎಂಬುದು ಯುರೋಪಿನ ಆಹಾರ ಸುರಕ್ಷತಾ ತಜ್ಞರ ಸಲಹೆ, ನಾನೂ ಅದನ್ನೇ ಪಾಲಿಸುತ್ತೇನೆ. ನಿಮ್ಮ ಮಾತ್ರೆಯೊಂದರಲ್ಲೇ 1500 ಇದೆ, ಅದರ ಮೇಲೆ ಅವರು ಕುಡಿಯುವ ಹಾಲು, ಊಟದ ಎಣ್ಣೆ, ಒಂದು ಚಮಚ ತುಪ್ಪ. ಅವರ ವಯಸ್ಸಿಗೆ ಹೆಚ್ಚಾಗಿ ಕೊರತೆಯಾಗುವುದು ವಿಟಮಿನ್ ಡಿ, ಬಿ12 ಮತ್ತು ಕ್ಯಾಲ್ಸಿಯಂ. ಆ ಮಾತ್ರೆಯನ್ನು ನಿಲ್ಲಿಸಿ, ಡಿ ಮತ್ತು ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇರುವುದನ್ನು ಮಾತ್ರ ವೈದ್ಯರಿಂದ ಬರೆಸಿಕೊಳ್ಳಿ.

ನಿಮ್ಮಿಬ್ಬರಲ್ಲಿ ಯಾರಿಗಾದರೂ ಬಿಡದ ತಲೆನೋವಿನ ಜೊತೆಗೆ ದೃಷ್ಟಿ ಮಂಜಾಗುವುದು, ವಾಂತಿ, ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗುವಾಗ ಮಾತ್ರೆ, ಪುಡಿ, ಗಮ್ಮಿಯ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ವೈದ್ಯರು ಕೇಳಿದಾಗ ಪ್ರೋಟೀನ್ ಪುಡಿಯ ಹೆಸರನ್ನು ಯಾರೂ ಹೇಳುವುದಿಲ್ಲ, ಅದು ಔಷಧಿ ಎಂದು ಯಾರಿಗೂ ಅನ್ನಿಸುವುದಿಲ್ಲ.